ಕರೆಯೋಲೆಗೆ ಬಾಯಿ ಬಂದಾಗ

ಮದುವೆಯ ಕರೆಯೋಲೆಯನ್ನು ಓದುವವರಲ್ಲಿ ಎರಡು ಬಗೆ. ಒಂದು ಬಗೆಯವರು ಮೊದಲು ಮುಹೂರ್ತವನ್ನು ನೋಡುತ್ತಾರೆ. ಇನ್ನೊಂದು ಬಗೆಯವರು ತಮ್ಮ ಹೆಸರು ಎಲ್ಲಿ ಅಚ್ಚಾಗಿದೆಯೆಂದು ಹುಡುಕುತ್ತಾರೆ. ಮೊದಲಿನವರಿಗೆ ದಿನ ತಪ್ಪಿದರೆ ಊಟ ತಪ್ಪೀತು. ಎರಡನೆಯವರಿಗೆ ಹೆಸರು ತಪ್ಪಿದರೆ ನೆಂಟಸ್ತಿಕೆಯೇ ತಪ್ಪೀತು. ಆದುದರಿಂದಲೇ ನಮ್ಮ ಹಿರಿಯರು ಲಗ್ನಪತ್ರಿಕೆಯ ಬರವಣಿಗೆಯನ್ನು ಹಗುರಾಗಿ ಎಣಿಸಲಿಲ್ಲ. ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟು, ಆ ಮೇಲೆ ಸೋದರಮಾವನ ಮನೆಯಿಂದ ಮೊದಲುಮಾಡಿ ಒಬ್ಬೊಬ್ಬರನ್ನೇ ಕರೆಯುವ ಪದ್ಧತಿಯನ್ನು ಇರಿಸಿದರು.

ಆ ಪತ್ರಿಕೆಗೆ ಈಗ ಬಾಯಿ ಬಂದಿದೆ. ಅಂಗೈಯಗಲದ ಮೊಬೈಲಿನ ಗಾಜಿನ ಮೇಲೆ ಅದು ಕುಣಿಯುತ್ತದೆ, ಹಾಡುತ್ತದೆ, ವಧೂವರರ ಕಥೆಯನ್ನೂ ಹೇಳುತ್ತದೆ. ರಬಕವಿಯಂತಹ ನೇಕಾರರ ಊರಿಗೆ ಇದು ಒಂದು ಲೆಕ್ಕದಲ್ಲಿ ಉಪಕಾರವೇ ಆಗಿದೆ. ಇಲ್ಲಿನ ಮನೆತನಗಳ ಬಳ್ಳಿ ಬನಹಟ್ಟಿ, ಜಮಖಂಡಿ, ಮುಧೋಳಗಳಿಗೆ ನಿಲ್ಲದೆ ಗಡಿ ದಾಟಿ ಸೊಲ್ಲಾಪುರ, ಇಚಲಕರಂಜಿಗಳವರೆಗೂ ಹಬ್ಬಿದೆ. ಮಗ್ಗವನ್ನು ನಿಲ್ಲಿಸಿ ಇಷ್ಟೂ ಊರನ್ನು ತಿರುಗಿ ಕರೆಯಲು ಯಾರಿಗೆ ಪುರಸೊತ್ತು? ಒಂದೂವರೆ ನಿಮಿಷದ ಚಿತ್ರವೊಂದು ಕ್ಷಣಾರ್ಧದಲ್ಲಿ ಎಲ್ಲರ ಮನೆಯ ಬಾಗಿಲನ್ನೂ ತಟ್ಟುತ್ತದೆ.

ಆದರೆ ಇಂತಹ ಚಿತ್ರಗಳಲ್ಲಿ ಬಹಳಷ್ಟನ್ನು ನೋಡಿ ಮುಗಿಸಿದ ಮೇಲೆ ಕೇಳಿ ನೋಡಿರಿ: “ಮದುವೆ ಯಾವತ್ತು?” ನೋಡಿದವರು ತಲೆ ಕೆರೆದುಕೊಳ್ಳುತ್ತಾರೆ. ಹೂವು ಸುರಿದದ್ದು ನೆನಪಿದೆ, ಹಾಡು ನೆನಪಿದೆ, ಹುಡುಗ ಕಪ್ಪು ಕನ್ನಡಕ ಹಾಕಿಕೊಂಡು ನಡೆದು ಬಂದದ್ದು ನೆನಪಿದೆ. ತಿಥಿ ಮಾತ್ರ ಹೂವಿನ ರಾಶಿಯೊಳಗೆ ಎಲ್ಲಿಯೋ ಹುದುಗಿಹೋಗಿದೆ. ಚಿತ್ರ ತೆಗೆಯುವವನ ಕೈಚಳಕಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅದಕ್ಕೂ ಮೊದಲು ಕಾಗದದ ಮೇಲೆ ಆಗಬೇಕಾದ ಬರವಣಿಗೆಯಲ್ಲಿ. ಹಿರಿಯರ ಹರಕೆ, ದಿನದ ವಿವರ, ನಗೆಯ ಕಥೆ—ಈ ಮೂರನ್ನು ಒಂದಕ್ಕೊಂದು ಹೊಂದಿಸಿ ಬರೆಯುವುದು ಹೇಗೆ? ರಬಕವಿಯ ಒಂದು ಮನೆಯನ್ನು ಕಲ್ಪಿಸಿಕೊಂಡು ನೋಡೋಣ.

ಮನೆಯ ಚಿತ್ರ ಹೀಗಿದೆ ಎಂದುಕೊಳ್ಳಬಹುದು. ವರನು ರಬಕವಿಯ ನೇಕಾರರ ಮನೆಯ ಮಗ. ವಧು ಇಳಕಲ್ಲಿನ ಸೀರೆ ವ್ಯಾಪಾರಿಗಳ ಮಗಳು. ಎರಡೂ ಬಾಗಲಕೋಟೆ ಜಿಲ್ಲೆಯ ಊರುಗಳೇ. ಎರಡು ಊರಿನ ಕಸುಬೂ ನೂಲಿನದೇ. ಮನೆಯಲ್ಲಿ ಅಜ್ಜಿಯಿದ್ದಾಳೆ. ನೆರೆಮನೆಯಲ್ಲಿ ಎಲ್ಲರನ್ನೂ ವಿಚಾರಿಸುವ ಒಬ್ಬ ಕಾಕು ಇದ್ದಾಳೆ. ಮದುವೆ ವರನ ಮನೆಯ ಮುಂದಿನ ಹಂದರದಲ್ಲಿ, 2026ನೆಯ ಏಪ್ರಿಲ್ 26ರಂದು. ಇಷ್ಟು ಸಾಮಗ್ರಿ ಸಾಕು.

ಎಷ್ಟು ಮಾತು ಹಿಡಿದೀತು?

ಮೊದಲು ಅಳತೆ. ನೇಯುವವನು ಹಾಸನ್ನು ಅಳೆಯದೆ ಮಗ್ಗಕ್ಕೆ ಏರಿಸುವುದಿಲ್ಲ. ಬರೆಯುವವನಾದರೋ ಮನಸ್ಸಿಗೆ ಬಂದಷ್ಟು ಬರೆದು, ಆ ಮೇಲೆ ಓದುವವನಿಗೆ ಅವಸರಪಡಿಸುತ್ತಾನೆ. ಕನ್ನಡದ ಪದಗಳು ಉದ್ದ. “ಆಶೀರ್ವದಿಸಬೇಕಾಗಿ” ಎಂಬ ಒಂದೇ ಪದಕ್ಕೆ ಬಾಯಿ ಎಂಟು ಸಲ ತೆರೆಯಬೇಕು. ಮುದುಕರಿಗೂ ತಿಳಿಯುವಂತೆ, ನಡುನಡುವೆ ಉಸಿರು ಬಿಟ್ಟು ಮಾತಾಡಿದರೆ ಸೆಕೆಂಡಿಗೆ ಒಂದೂವರೆ ಪದವೆಂದು ಹಿಡಿಯುವುದು ಕ್ಷೇಮ. ಹಾಗಾದರೆ 90 ಸೆಕೆಂಡಿಗೆ 135 ಪದ. ಅಷ್ಟನ್ನೂ ತುಂಬಿಬಿಟ್ಟರೆ ನಗುವುದಕ್ಕೆ ಎಡೆಯಿಲ್ಲ, ನೋಡುವುದಕ್ಕೆ ಎಡೆಯಿಲ್ಲ. 110 ಪದಗಳಲ್ಲಿ ಮಾತು ಮುಗಿಯಬೇಕು. ಉಳಿದ ಹದಿನೇಳು ಸೆಕೆಂಡು ಮೌನಕ್ಕೆ, ಸದ್ದಿಗೆ, ನಗೆಗೆ ಮೀಸಲು.

ಈ 90 ಸೆಕೆಂಡುಗಳನ್ನು ಹೀಗೆ ಹಂಚಬಹುದು: ಮೊದಲ 5 ಮಗ್ಗದ ಸದ್ದಿಗೆ, 15 ಅಜ್ಜಿಯ ಹರಕೆಗೆ, 30 ಕಥೆಗೆ, 20 ವಧೂವರರ ಒಡಪಿಗೆ, ಕೊನೆಯ 20 ದಿನ, ಹೊತ್ತು, ಸ್ಥಳಗಳಿಗೆ. ಕಥೆಗೆ ಮೂರರಲ್ಲಿ ಒಂದು ಪಾಲು ಮಾತ್ರವೇ ಎಂದು ಹುಡುಗ ಹುಡುಗಿಯರು ಮುಖ ಸಣ್ಣದು ಮಾಡಿಯಾರು. ಕರೆಯೋಲೆಯ ಕಥೆ ಮನೆಯ ಪಡಸಾಲೆಯಿದ್ದಂತೆ; ಬಂದವರು ಅಲ್ಲಿ ಒಂದಿಷ್ಟು ಕುಳಿತು ಒಳಕ್ಕೆ ಹೋಗಬೇಕೇ ಹೊರತು ಅಲ್ಲಿಯೇ ಮಲಗಬಾರದು.

ಹರಕೆ: ಮೂವತ್ತು ಹೆಸರೋ, ಒಂದು ದನಿಯೋ?

ಅಚ್ಚಿನ ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿಗೆ ಮಿತಿಯಿಲ್ಲ. ಕಾಗದ ಸಾಲದಿದ್ದರೆ ಅಕ್ಷರವನ್ನು ಕಿರಿದು ಮಾಡಿದರಾಯಿತು. ಚಿತ್ರದಲ್ಲಿ ಈ ಉಪಾಯ ನಡೆಯದು. ಮೂವತ್ತು ಹೆಸರುಗಳನ್ನು ಒಬ್ಬನು ಓದಿದರೆ ಅದಕ್ಕೇ ಒಂದು ನಿಮಿಷ ಬೇಕು. ಕೆಳಗಿನಿಂದ ಮೇಲಕ್ಕೆ ಓಡಿಸಿದರೆ ಯಾರೂ ಓದಲಾರರು. ಕೆಲವೇ ಹೆಸರು ಹಾಕಿದರೆ ಉಳಿದವರ ಮುನಿಸು ತಪ್ಪದು. “ದೊಡ್ಡ ಕಾಕಾನ ಹೆಸರು ಐತಿ, ನಮ್ಮದು ಇಲ್ಲ” ಎಂಬ ಒಂದು ಮಾತಿನಿಂದ ಹಂದರದ ಒಂದು ಸಾಲು ಖಾಲಿಯಾದ ಮದುವೆಗಳು ಕಡಮೆಯಿಲ್ಲ.

ಇದಕ್ಕೆ ದಾರಿಯೆಂದರೆ ಹೆಸರುಗಳ ಕೆಲಸವನ್ನು ಅಚ್ಚಿನ ಪತ್ರಿಕೆಗೇ ಬಿಡುವುದು. ಚಿತ್ರದಲ್ಲಿ ವಧೂವರರ ಹೆಸರುಗಳ ಹೊರತು ಬೇರೆ ಯಾರ ಹೆಸರೂ ಬೇಡ; ಆಗ ಬಿಟ್ಟುಹೋಯಿತೆಂಬ ದೂರಿಗೆ ಆಸ್ಪದವೇ ಇಲ್ಲ. ಹಿರಿಯರು ಹೆಸರಿನಿಂದಲ್ಲ, ದನಿಯಿಂದ ಬರಲಿ: ಗಂಡಿನ ಕಡೆಯಿಂದ ಒಂದು ದನಿ, ಹೆಣ್ಣಿನ ಕಡೆಯಿಂದ ಒಂದು ದನಿ. ಯಾವ ಕಡೆಯ ದನಿ ಮೊದಲಿಗೆ ಬರುತ್ತದೆಯೋ ಅದು ಕೊನೆಗೆ ಬರಬಾರದು; ಮೊದಲ ಮಾತು ಗಂಡಿನ ಅಜ್ಜಿಯದಾದರೆ ಕೊನೆಯ ಮಾತು ಹೆಣ್ಣಿನ ತಂದೆಯದಾಗಲಿ. ಬೀಗತನದ ತಕ್ಕಡಿ ಸರಿತೂಗುವುದು ಹೀಗೆ. ಕನ್ಯೆಯನ್ನು ಮಂಟಪಕ್ಕೆ ಕರೆತರುವ ಗೌರವ ಸೋದರಮಾವನದಾದುದರಿಂದ ಅವನಿಗೆ ಮಾತಿಲ್ಲದಿದ್ದರೂ ಒಂದು ನೋಟವಾದರೂ ಸಲ್ಲಬೇಕು. ಕೊನೆಯ ಭಾಗದಲ್ಲಿ ಹುಡುಗಿಯ ಪಕ್ಕದಲ್ಲಿ ಅವನು ನಿಂತಿದ್ದರೆ ಸಾಕು. ತೀರಿಕೊಂಡ ಹಿರಿಯರಿದ್ದರೆ ಅವರ ಪಟ ಅಜ್ಜಿಯ ಹಿಂದಿನ ಗೋಡೆಯ ಮೇಲೆ ಕಾಣಲಿ. ಬಂಧುಗಳು ತಾವೇ ಗುರುತಿಸಿಕೊಳ್ಳುತ್ತಾರೆ.

ಅಜ್ಜಿ ಏನು ಹೇಳಬೇಕು? “ನೂರ್ಕಾಲ ಸುಖವಾಗಿ ಬಾಳಿರಿ” ಎಂಬುದನ್ನು ಯಾರ ಅಜ್ಜಿಯಾದರೂ ಹೇಳಬಹುದು. ಈ ಅಜ್ಜಿ ಮಾತ್ರವೇ ಹೇಳಬಹುದಾದದ್ದನ್ನು ಅವಳ ಬಾಯಿಂದಲೇ ಹೊರಡಿಸಬೇಕು. ಅವಳು ಜೀವಮಾನವೆಲ್ಲ ಮಗ್ಗದ ಪಕ್ಕದಲ್ಲಿ ಕಂಡಿಗೆ ಸುತ್ತಿದವಳು. ಅವಳಿಗೆ ಹಾಸು ಹೊಕ್ಕುಗಳಿಗಿಂತ ಹತ್ತಿರದ ಉಪಮೆ ಯಾವುದಿದೆ? ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಸಲೇಬಾರದು. ಮಾಡಿಸಿದರೆ ಅಜ್ಜಿ ಶಾಲೆಯ ಮಗುವಿನಂತೆ ಕಣ್ಣು ಮೇಲೆ ಮಾಡಿ ಒಪ್ಪಿಸುತ್ತಾಳೆ. ವಿಷಯವನ್ನು ಹೇಳಿ, ನಾಲ್ಕು ಸಲ ಮಾತಾಡಿಸಿ, ಅವಳ ಮಾತಿನಲ್ಲಿ ಗಟ್ಟಿಯಾದುದನ್ನು ಆರಿಸಿಕೊಳ್ಳಬೇಕು. ಹಾಗೆ ಆರಿಸಿದ ಇಪ್ಪತ್ತು ಪದಗಳು ಇವು:

ಅಜ್ಜಿ: “ನಮ್ಮ ಮಗ್ಗದಾಗ ಎಷ್ಟೋ ಮದವಿ ಸೀರಿ ನೇಯ್ದೀವಿ. ಈ ಸಲ ನಮ್ಮನಿ ಮದವಿ. ಹಾಸು ಹೊಕ್ಕು ಕೂಡಿದಂಗ ಮಕ್ಕಳು ಕೂಡಿ ಬಾಳಲಿ. ನೀವೂ ಬಂದು ಅಕ್ಕಿಕಾಳ ಹಾಕರಿ.”

ಇಲ್ಲಿ ಹರಕೆಯೂ ಆಯಿತು, ಕರೆಯೂ ಆಯಿತು, ಮನೆಯ ಕಸುಬೂ ತಿಳಿಯಿತು. “ಆಶೀರ್ವದಿಸಬೇಕಾಗಿ ವಿನಂತಿ” ಎಂಬ ಅಚ್ಚಿನ ಮಾತಿಗಿಂತ “ಅಕ್ಕಿಕಾಳ ಹಾಕರಿ” ಎಂಬ ಬಾಯಿಮಾತು ಇಲ್ಲಿನ ಕಿವಿಗೆ ಹತ್ತು ಪಾಲು ಹೆಚ್ಚು ಮದುವೆಯಾಗಿ ಕೇಳಿಸುತ್ತದೆ.

ಕಥೆ: ಮೂರು ಸಲ ಹೋದವನು

ವಧೂವರರ ಕಥೆಯೆಂದರೆ ಹೇಗೆ ಭೇಟಿಯಾದರು, ಹೇಗೆ ಒಪ್ಪಿದರು ಎಂಬ ಇತಿಹಾಸವನ್ನೆಲ್ಲ ಹೇಳುವುದು ಎಂದು ಹಲವರ ಎಣಿಕೆ. ಮೂವತ್ತು ಸೆಕೆಂಡಿನಲ್ಲಿ ಇತಿಹಾಸ ಹಿಡಿಯದು. ಒಂದೇ ಒಂದು ಚಿಕ್ಕ ಪ್ರಸಂಗ ಬೇಕು. ಅದರಲ್ಲಿ ಒಂದು ಕೊಂಕು ಇರಬೇಕು. ಆ ಕೊಂಕು ಬಿಚ್ಚಿಕೊಂಡಾಗ ಮದುವೆಯ ಕರೆ ತಾನಾಗಿಯೇ ಹೊರಬೀಳಬೇಕು. ಈ ಮನೆಯಲ್ಲಿ ಕೊಂಕು ಸಿದ್ಧವಾಗಿಯೇ ಇದೆ. ಮನೆಯಲ್ಲಿ ಮಗ್ಗವಿರುವ ಹುಡುಗನು ಸೀರೆ ಕೊಳ್ಳಲು ಇನ್ನೊಂದು ಊರಿಗೆ ಹೋಗುವುದೆಂದರೇನು? ಅದೂ ಮೂರು ಸಲ!

ಕಾಕು: “ಎಲ್ಲಿಗೆ ಹೊಂಟೀಯೋ ತಮ್ಮಾ?”

ವರ: “ಇಳಕಲ್ಲಿಗೆ, ಕಾಕು. ಸೀರಿ ತರಾಕ.”

ಕಾಕು: “ಮನ್ಯಾಗ ಮಗ್ಗ ಐತಿ, ಸೀರಿ ತರಾಕ ಇಳಕಲ್ಲಿಗ್ಯಾಕ?”

(ಇನ್ನೊಂದು ದಿನ. ಹುಡುಗನ ಕೈಯಲ್ಲಿ ಅದೇ ಗಂಟು.)

ವರ: “ಬಣ್ಣ ತಪ್ಪೈತಿ ಕಾಕು, ಬದಲಿ ಮಾಡ್ಕೊಂಡು ಬರತೀನಿ.”

(ಮತ್ತೊಂದು ದಿನ. ಕಾಕು ಬಾಯಿ ತೆರೆಯುವುದರೊಳಗಾಗಿ—)

ವರ: “ಬಣ್ಣ ಬರೋಬ್ಬರಿ ಐತಿ. ದಡಿ ತುಸು ಸಣ್ಣದು!”

ಕಾಕು (ಅಜ್ಜಿಯ ಕಡೆ ತಿರುಗಿ): “ಅಲ್ಲಬೇ ಆಯಿ, ನಾಕನೇ ಸಲ ಯಾವಾಗ ಹೊಂಟಾನ?”

ಅಜ್ಜಿ: “ನಾಕನೇ ಸಲ ಅಂವ ಹೋಗೂದಿಲ್ಲ. ಆ ಸೀರೀನ ಉಟಗೊಂಡು ಆಕೀನೇ ರಬಕವಿಗೆ ಬರತಾಳ!”

ಎಣಿಸಿದರೆ 41 ಪದ. ಮೂರು ಸಲವೂ ಅದೇ ಕಟ್ಟೆ, ಅದೇ ಬಾಗಿಲು. ಬದಲಾಗುವುದು ಹುಡುಗನ ಅಂಗಿ ಮಾತ್ರ. ಚಿತ್ರ ತೆಗೆಯುವವನು ಒಂದೇ ಮುಂಜಾನೆಯಲ್ಲಿ ಕೆಲಸ ಮುಗಿಸಬಹುದು, ಖರ್ಚೂ ಕಡಮೆ. ಮೂರನೆಯ ಸಲ ಕಾಕು ಕೇಳುವ ಮೊದಲೇ ಹುಡುಗನು ಉತ್ತರ ಕೊಡುವುದರಲ್ಲಿಯೇ ನಗೆಯಿದೆ. ಅಲ್ಲಿ ಒಂದು ಸೆಕೆಂಡು ಸುಮ್ಮನಿರಬೇಕು; ಆ ಮೌನವನ್ನು ಕತ್ತರಿಸಿದರೆ ನಗೆಯೂ ಕತ್ತರಿಸಿಹೋಗುತ್ತದೆ.

ಆದರೆ ಈ ಕಥೆಯಲ್ಲಿ ಒಂದು ಮುಳ್ಳು ಉಂಟು. ಮೊದಲು ಬರೆದಾಗ ಎರಡನೆಯ ಸಲದ ಮಾತು ಸಹಜವಾಗಿ ಹೀಗೆ ಬಂದೀತು: “ಅಂಗಡಿಯವರು ತಪ್ಪು ಬಣ್ಣ ಕೊಟ್ಟಾರ.” ರಬಕವಿಯ ಕಟ್ಟೆಯ ಮೇಲೆ ಕುಳಿತು ಕೇಳಿದರೆ ಇದು ನಿರಪಾಯದ ಮಾತು. ಇಳಕಲ್ಲಿನ ಗಾದಿಯ ಮೇಲೆ ಕುಳಿತು ಕೇಳಿದರೆ? ತಲೆಮಾರುಗಳಿಂದ ಸೀರೆ ಮಾರಿ ಹೆಸರು ಗಳಿಸಿದ ಮನೆ. ಮಗಳ ಮದುವೆಯ ಕರೆಯೋಲೆಯಲ್ಲಿಯೇ, ಅದೂ ಬೀಗರ ಬಾಯಿಂದ, “ಇವರು ಒಂದು ಕೇಳಿದರೆ ಇನ್ನೊಂದು ಕೊಡುವವರು” ಎಂದು ಸಾರಿಸಿಕೊಳ್ಳಬೇಕೇ? ಹುಡುಗಿಯ ತಂದೆ ಬಾಯಿಬಿಟ್ಟು ಏನೂ ಹೇಳಲಿಕ್ಕಿಲ್ಲ. ಹೇಳದಿದ್ದುದೇ ಹೆಚ್ಚು ಕಾಲ ಉಳಿಯುತ್ತದೆ. ಮದುವೆಯ ಮನೆಯಲ್ಲಿ ಹಾಸ್ಯಕ್ಕೂ ಅವಮಾನಕ್ಕೂ ನಡುವೆ ಇರುವುದು ಒಂದೇ ಎಳೆ.

ಹಾಗೆಂದು ಕಥೆಯನ್ನು ಬಿಡಬೇಕಾಗಿಲ್ಲ. ತಪ್ಪು ಯಾರದೆಂಬುದನ್ನು ಕಟ್ಟೆಯ ಮೇಲೆ ಹೇಳದಿದ್ದರಾಯಿತು: “ಬಣ್ಣ ತಪ್ಪೈತಿ” ಎಂದಷ್ಟೇ ಸಾಕು. ಮುಂದೆ ಹುಡುಗಿಯೇ ಬಂದು, ತಪ್ಪಲ್ಲ, ತಾನು ಬೇಕೆಂದೇ ಹಾಗೆ ಕಟ್ಟಿಕೊಟ್ಟೆನೆಂದು ಒಪ್ಪಿಕೊಂಡರೆ? ಆಗ ಅಂಗಡಿಯ ಮಾನವೂ ಉಳಿಯಿತು. ಮೂರು ಸಲ ತಿರುಗಿದ ಹುಡುಗ ಪೆದ್ದನೆಂಬ ಅಪವಾದವೂ ತೊಲಗಿತು. ಜಾಣತನದ ಪಾಲು ಹುಡುಗಿಗೂ ಸಂದಿತು. ಇಂತಹ ಕಥೆಯನ್ನು ಚಿತ್ರ ತೆಗೆಯುವ ಮೊದಲು ಎರಡೂ ಮನೆಗಳಲ್ಲಿ ಗಟ್ಟಿಯಾಗಿ ಓದಿಸಬೇಕೆನ್ನುವುದು ಇದಕ್ಕಾಗಿಯೇ. ಓದುವಾಗ ನಗದೆ ಇದ್ದವರು ಯಾರೆಂದು ನೋಡಬೇಕು. ಅವರನ್ನು ಬೇರೆಯಾಗಿ ಕರೆದು ಕೇಳಬೇಕು. ಬಣ್ಣ, ಓದು, ವರದಕ್ಷಿಣೆ, ಹಿಂದೆ ತಪ್ಪಿಹೋದ ಸಂಬಂಧ—ಈ ನಾಲ್ಕರ ಮೇಲೆ ಕಟ್ಟಿದ ನಗೆಯನ್ನು ಮಾತ್ರ ಓದಿಸಿ ನೋಡುವ ಅಗತ್ಯವೂ ಇಲ್ಲ, ಹರಿದು ಹಾಕಬೇಕು.

ಒಡಪು: ಹೇಳದ ಹೆಸರು

ಉತ್ತರ ಕರ್ನಾಟಕದ ಮದುವೆಯಲ್ಲಿ ಗಂಡನ ಹೆಸರನ್ನು ಹೆಂಡತಿ ನೇರವಾಗಿ ಹೇಳುವ ವಾಡಿಕೆಯಿರಲಿಲ್ಲ. ಹೇಳಲೇಬೇಕೆಂದು ಹೆಂಗಳೆಯರು ಬಾಗಿಲಿಗೆ ಅಡ್ಡ ನಿಂತಾಗ, ಎರಡು ಸಾಲಿನ ಪ್ರಾಸದೊಳಗೆ ಹೆಸರನ್ನು ಹೊಸೆದು ಹೇಳುತ್ತಿದ್ದರು. ಇದೇ ಒಡಪು. ಪಕ್ಕದ ಮರಾಠಿಯಲ್ಲಿ ಇದಕ್ಕೆ ಉಖಾಣೆಯೆಂದು ಹೆಸರು. ಗಂಡನೂ ಹೆಂಡತಿಯ ಹೆಸರಿಗೆ ಒಡಪು ಹೇಳುವುದುಂಟು. ಹೇಳಲು ಬಾರದೆ ಬೆವರಿದ ಗಂಡಂದಿರೂ ಉಂಟು.

ಕರೆಯೋಲೆಯ ಚಿತ್ರಕ್ಕೆ ಈ ಪದ್ಧತಿ ಹೇಳಿ ಮಾಡಿಸಿದಂತಿದೆ. ವಧೂವರರ ಹೆಸರುಗಳನ್ನು ಹೇಗೂ ತಿಳಿಸಲೇಬೇಕು. ನಿರೂಪಕನೊಬ್ಬನು ಗಂಟಲು ದಪ್ಪ ಮಾಡಿ ಓದುವುದಕ್ಕಿಂತ, ಇಬ್ಬರೂ ಒಡಪು ಹೇಳಿ ಹೆಸರಿನ ಹೊತ್ತಿಗೆ ಸರಿಯಾಗಿ ಸುಮ್ಮನಾಗಲಿ. ಆ ಮೌನದಲ್ಲಿ ಹೆಸರು ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಲಿ. ಬಾಯಿ ಹೇಳದ್ದನ್ನು ಕಣ್ಣು ಓದುತ್ತದೆ. ಹಳೆಯ ಸಂಕೋಚವೂ ಉಳಿಯಿತು, ಹೊಸ ಯಂತ್ರಕ್ಕೂ ಕೆಲಸ ಸಿಕ್ಕಿತು. ಈ ಕಥೆಗೆ ಒಪ್ಪುವಂತೆ ಹೊಸದಾಗಿ ಕಟ್ಟಿದ ಒಡಪುಗಳು ಹೀಗಿವೆ:

ವಧು: “ದಾಳಿಂಬ್ರಿ ಕೆಂಪು ಬೇಡಿದ್ರು, ನವಿಲ ಹಸಿರು ಕಟ್ಟಿ ಕೊಟ್ಟೆ;
ಬದಲಿ ಕೇಳಾಕ ಬಂದವರಿಗೆ ಬದಲಿಲ್ಲದ ಮನಸ ಕೊಟ್ಟೆ…”

(ತಲೆ ತಗ್ಗಿಸುತ್ತಾಳೆ. ವರನ ಹೆಸರು ಮೂಡುತ್ತದೆ.)

ವರ: “ರಬಕವಿ ಮಗ್ಗದಾಗ ನೂಲಿಗೇನೂ ಬರ ಇಲ್ಲ;
ಇಳಕಲ್ಲ ಸೆರಗಿಲ್ಲದ ನಮ್ಮ ಮನಿ ಸೀರಿ ಪೂರಾ ಅಲ್ಲ…”

(ವಧುವಿನ ಹೆಸರು ಮೂಡುತ್ತದೆ.)

ವರನ ಒಡಪಿನಲ್ಲಿ ಸೆರಗಿನ ಮಾತು ಸುಮ್ಮನೆ ಬಂದುದಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ. ಒಂದರ ಎಳೆಗಳ ಕುಣಿಕೆಯೊಳಗೆ ಇನ್ನೊಂದರ ಎಳೆಗಳ ಕುಣಿಕೆಯನ್ನು ಸೇರಿಸಿ, ಎಳೆಗೆ ಎಳೆಯನ್ನು ಕೂಡಿಸುತ್ತಾರೆ. ಈ ಕೂಡಿಕೆಗೆ ಕೊಂಡಿಯೆಂದು ಹೆಸರು. ಒಂದೊಂದು ಸೀರೆಗೂ ಹೀಗೆ ಬೇರೆ ಬೇರೆಯಾಗಿಯೇ ಹಾಸನ್ನು ಸಿದ್ಧಮಾಡಬೇಕಾಗುತ್ತದೆ. ಗಂಟಿಲ್ಲ, ಹೊಲಿಗೆಯಿಲ್ಲ, ಹತ್ತಿ ಹತ್ತಿಯಾಗಿಯೇ, ರೇಷ್ಮೆ ರೇಷ್ಮೆಯಾಗಿಯೇ ಉಳಿದು ಸೀರೆ ಮಾತ್ರ ಒಂದಾಗುತ್ತದೆ. ಎರಡು ಮನೆತನಗಳ ಸಂಬಂಧಕ್ಕೆ ಇದಕ್ಕಿಂತ ಒಳ್ಳೆಯ ನೋಟ ಬೇಕೆ? ಒಡಪಿನ ಎರಡು ಸಾಲುಗಳ ನಡುವೆ ಕೊಂಡಿ ಹಾಕುವ ಎರಡು ಕೈಗಳನ್ನು ತೋರಿಸಿ, ಏನನ್ನೂ ವಿವರಿಸದೆ ಬಿಡುವುದು ಲೇಸು. ಬಲ್ಲವರು ಬಲ್ಲರು, ಅರಿಯದವರಿಗೆ ಕೈಗಳೇ ಚೆಲುವು.

ಅಕ್ಷರ ಮೂಡಿಸುವಾಗ ಒಂದು ಎಚ್ಚರಿಕೆ. ಚಿತ್ರ ಜೋಡಿಸುವ ಕೆಲವು ಸಲಕರಣೆಗಳಿಗೆ ಕನ್ನಡದ ಒತ್ತಕ್ಷರ ಅರ್ಥವಾಗುವುದಿಲ್ಲ. “ಶ್ರೀ” ಎಂಬುದು ಮೂರು ತುಂಡಾಗಿ ಚದುರುತ್ತದೆ. “ರ್ಥ”ದ ಅರ್ಕಾವೊತ್ತು ಮುಂದಿನ ಅಕ್ಷರದ ಬೆನ್ನು ಬಿಟ್ಟು ಹಿಂದಕ್ಕೆ ಜಾರುತ್ತದೆ. ಜೋಡಿಸುವವನಿಗೆ ಕನ್ನಡ ಬಾರದಿದ್ದರೆ ಇದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಕೆಲಸ ಆರಂಭಿಸುವ ಮೊದಲೇ “ಶ್ರೀ, ಅಕ್ಷತೆ, ಮುಹೂರ್ತ, ಮಧ್ಯಾಹ್ನ” ಎಂಬ ನಾಲ್ಕು ಪದಗಳನ್ನು ಅವನಿಂದ ಮೂಡಿಸಿ ನೋಡಿದರೆ ರೋಗ ತಿಳಿಯುತ್ತದೆ. ಒಡೆದರೆ ಮದ್ದೂ ಸುಲಭ: ಬೇರೆಡೆ ಸರಿಯಾಗಿ ಬರೆಯಿಸಿದ ಅಕ್ಷರವನ್ನು ಒಂದು ಚಿತ್ರವಾಗಿ ಮಾಡಿ ಅಂಟಿಸುವುದು. ಮಗನ ಮದುವೆಯಲ್ಲಿ ಅವನ ಹೆಸರೇ ಕಾಲು ಮುರಿದುಕೊಂಡು ನಿಲ್ಲಬಾರದಷ್ಟೆ.

ದಿನ, ಹೊತ್ತು, ಸ್ಥಳ

ಇನ್ನುಳಿದದ್ದು ಇಡೀ ಕರೆಯೋಲೆಯ ಜೀವ. ಇದನ್ನು ಅಚ್ಚಿನ ಪತ್ರಿಕೆಯಿಂದ ಇದ್ದಂತೆಯೇ ನಕಲು ಮಾಡಿದರೆ ಕೆಟ್ಟಂತೆಯೇ. ಅಚ್ಚಿನ ಮೊಳೆಗಳನ್ನು ಉಳಿಸಲು ಹುಟ್ಟಿದ ಸಂಕ್ಷೇಪಗಳು ಬಾಯಿಗೆ ಒಗ್ಗುವುದಿಲ್ಲ. “ಚಿ.” ಎಂಬುದನ್ನು ದನಿ ಕೊಡುವವನು “ಚಿ” ಎಂದೇ ಓದಿದರೆ ಹರಕೆ ಹೋಗಿ ಬೈಗುಳವಾದೀತು, “ಚಿರಂಜೀವಿ” ಎಂದು ಪೂರ್ಣವಾಗಿ ಬರೆದುಕೊಡಬೇಕು. “ದಿ.” ಎಂಬುದು ಇನ್ನೂ ಕಠಿಣ. ತಾರೀಖಿನ ಮುಂದೆ ಅದು ದಿನಾಂಕ. ಹೆಸರಿನ ಮುಂದೆ ದಿವಂಗತ. ಅವಸರದಲ್ಲಿ ಬದುಕಿದ್ದವರನ್ನು ಸ್ವರ್ಗಕ್ಕೆ ಕಳಿಸಿದ ಕೀರ್ತಿ ಬರುವುದು ಬೇಡ.

ಎರಡನೆಯದು ತಿಥಿ. ಹಿರಿಯರಿಗೆ ಪಂಚಾಂಗ ಬೇಕು, ಕಿರಿಯರಿಗೆ ತಾರೀಖು ಬೇಕು. ಎರಡನ್ನೂ ಬಾಯಿಂದ ಹೇಳಿಸಿದರೆ ಎರಡೂ ಮರೆತುಹೋಗುತ್ತವೆ. ತಾರೀಖು ಮತ್ತು ವಾರ ದನಿಯಲ್ಲಿರಲಿ. “ಶಾಲಿವಾಹನ ಶಕೆ 1948, ಪರಾಭವ ಸಂವತ್ಸರ, ವೈಶಾಖ ಶುದ್ಧ ದಶಮಿ” ಎಂಬುದು ಅದೇ ಹೊತ್ತಿಗೆ ಅಕ್ಷರದಲ್ಲಿ ನಿಂತಿರಲಿ. ಎರಡೂ ಒಂದೇ ದಿನವೆಂದು ಪಂಚಾಂಗ ತೆರೆದು ತಾಳೆ ನೋಡುವುದು ಅವಶ್ಯ. 2026ರಲ್ಲಿ ಈ ತಾಳೆಗೆ ಇನ್ನೊಂದು ಕಾರಣವೂ ಉಂಟು. ಆ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ಮದುವೆ ಮಾಡುವ ವಾಡಿಕೆಯಿಲ್ಲವಾದುದರಿಂದ ಬೇಸಿಗೆಯ ಲಗ್ನಗಳೆಲ್ಲ ವೈಶಾಖಕ್ಕೇ ನುಗ್ಗುತ್ತವೆ. ಒಬ್ಬನ ಮೊಬೈಲಿಗೆ ಒಂದೇ ವಾರ ಐದು ಕರೆಯೋಲೆ ಬಂದಿರುವಾಗ ಯಾವುದು ಯಾವತ್ತಿನದೆಂದು ಒಂದು ನೋಟಕ್ಕೇ ತಿಳಿಯಬೇಕು.

ಮೂರನೆಯದು ಹೊತ್ತು. “12-35ಕ್ಕೆ” ಎಂದಷ್ಟೇ ಬರೆದರೆ ಹಗಲೋ ಇರುಳೋ ತಿಳಿಯದು. “ಮಧ್ಯಾಹ್ನ” ಎಂಬ ಪದ ಬಿಡಬಾರದು. ಮುಹೂರ್ತ ಬೆಳಗಿನ ಜಾವಕ್ಕಿದ್ದರೆ ತೊಡಕು ಇನ್ನೂ ಹೆಚ್ಚು. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಗಡಿಯಾರದ ವಾರ ನಡುರಾತ್ರಿಯಿಂದ ನಡುರಾತ್ರಿಗೆ. ಸೋಮವಾರ ನಸುಕಿನ ನಾಲ್ಕು ಗಂಟೆಯ ಮುಹೂರ್ತ ಪಂಚಾಂಗಕ್ಕೆ ರವಿವಾರದ್ದೇ. ಇದನ್ನು ಬಿಡಿಸಿ ಹೇಳದಿದ್ದರೆ ಅರ್ಧ ಬಂಧುಗಳು ಒಂದು ದಿನ ಮೊದಲೇ ಬಂದಾರು. ಇನ್ನರ್ಧ ಜನ ಮರುದಿನ ಬಂದಾರು. ಅಂತಹ ಕಡೆ “ರವಿವಾರ ರಾತ್ರಿ ಊಟದ ಹೊತ್ತಿಗೆ ಬಂದುಬಿಡಿರಿ” ಎಂಬ ಒಂದು ಮಾತು ಶಾಸ್ತ್ರದ ನೂರು ಮಾತಿಗೆ ಮಿಗಿಲು.

ಈ ಮನೆಯ ಕೊನೆಯ ಭಾಗವನ್ನು ಹೆಣ್ಣಿನ ತಂದೆ ಹೇಳುತ್ತಾನೆ:

“ಏಪ್ರಿಲ್ ಇಪ್ಪತ್ತಾರು, ರವಿವಾರ. ಮಧ್ಯಾಹ್ನ ಹನ್ನೆರಡು ಗಂಟೆ ಮೂವತ್ತೈದು ನಿಮಿಷಕ್ಕೆ ಅಕ್ಷತೆ. ಸ್ಥಳ ರಬಕವಿ, ವರನ ಮನೆಯ ಮುಂದಿನ ಹಂದರ. ಎರಡೂ ಮನೆತನದವರು ದಾರಿ ಕಾಯತಿರತೀವಿ. ಮರೆಯದೆ ಬರ್ರಿ. ಏಪ್ರಿಲ್ ಇಪ್ಪತ್ತಾರು, ರವಿವಾರ.”

ಇಪ್ಪತ್ತನಾಲ್ಕು ಪದ. ದಿನವನ್ನು ಎರಡು ಸಲ ಹೇಳಿದುದು ಕೈತಪ್ಪಿನಿಂದಲ್ಲ. ಮೊದಲ ಸಲ ಕೇಳಿದವನು ಕ್ಯಾಲೆಂಡರಿನ ಕಡೆ ತಿರುಗುತ್ತಾನೆ. ತಿರುಗಿದಾಗ ಮತ್ತೊಮ್ಮೆ ಕೇಳಬೇಕು. “ಭಾನುವಾರ” ಎನ್ನದೆ “ರವಿವಾರ” ಎಂದುದು ಇಲ್ಲಿನ ಬಾಯಿಯ ರೂಢಿ. ಊರಿನ ವಿಳಾಸವೂ ದಾರಿಯ ನಕ್ಷೆಯೂ ಚಿತ್ರದೊಳಗೆ ಬೇಡ. ಚಿತ್ರದೊಳಗಿನ ನಕ್ಷೆಯನ್ನು ಬೆರಳಿನಿಂದ ಒತ್ತಿದರೆ ಅದು ತೆರೆಯುವುದಿಲ್ಲ. ಅವನ್ನು ಚಿತ್ರದ ಜೊತೆಗೆ ಕಳಿಸುವ ಬರೆಹದಲ್ಲಿ ಕೊಡಬೇಕು.

ಇನ್ನೊಂದು ಸಂಗತಿ ಮೊದಲ ನೋಟದ್ದು. ಕಳಿಸಿದ ಚಿತ್ರ ತೆರೆಯುವ ಮೊದಲು ಒಂದು ಸ್ತಬ್ಧ ನೋಟವಾಗಿ ಕಾಣುತ್ತದೆ. ಅಲ್ಲಿ ಮಗ್ಗ ಮಾತ್ರ ಕಂಡರೆ ಯಾರದೋ ಜಾಹೀರಾತೆಂದು ದಾಟಿಬಿಟ್ಟಾರು. ಮೊದಲ ಐದು ಸೆಕೆಂಡಿನ ಮಗ್ಗದ ನೋಟದ ಕೆಳಗೇ “ಮದುವೆಯ ಕರೆಯೋಲೆ, ರಬಕವಿ, 26 ಏಪ್ರಿಲ್ 2026” ಎಂದು ಅಚ್ಚಾಗಿರಲಿ. ಆ ಸದ್ದಿನ ವಿಷಯದಲ್ಲಿ ಪ್ರಾಮಾಣಿಕತೆಯೂ ಇರಲಿ. ಊರಿನಲ್ಲಿ ಈಗ ವಿದ್ಯುನ್ಮಗ್ಗದ ಸದ್ದೇ ಹೆಚ್ಚು. ಮನೆಯಲ್ಲಿರುವುದು ವಿದ್ಯುನ್ಮಗ್ಗವಾದರೆ ಅದನ್ನೇ ತೋರಿಸಬೇಕು. ಬೇರೆಯವರ ಕುಣಿಮಗ್ಗದಲ್ಲಿ ಹುಡುಗನನ್ನು ಕೂರಿಸಿ ಲಾಳಿ ಎಸೆಯಿಸಿದರೆ ಇಡೀ ಓಣಿ ನಕ್ಕೀತು, ಆದರೆ ಬರೆದವನು ಎಣಿಸಿದ ಕಡೆಯಲ್ಲಿ ಅಲ್ಲ.

ಕಳಿಸುವ ಮುನ್ನ

ಬರವಣಿಗೆ ಸರಿಯಾಯಿತೇ ಇಲ್ಲವೇ ಎಂದು ತಿಳಿಯುವುದಕ್ಕೆ ಪಂಡಿತರು ಬೇಕಾಗಿಲ್ಲ. ಸಿದ್ಧವಾದ ಚಿತ್ರವನ್ನು ಎರಡು ಬಗೆಯಲ್ಲಿ ಪರೀಕ್ಷಿಸಿದರೆ ಸಾಕು. ಮೊದಲು ಸದ್ದನ್ನು ಪೂರ್ತಿ ಅಡಗಿಸಿ, ಕಥೆಯನ್ನು ಅರಿಯದ ಒಬ್ಬನ ಕೈಗೆ ಕೊಡಬೇಕು. ಬಸ್ಸಿನಲ್ಲಿ, ಕಚೇರಿಯಲ್ಲಿ ಜನ ನೋಡುವುದು ಹೀಗೆಯೇ. ಆ ಮೇಲೆ ಚಿತ್ರವನ್ನು ಮರೆಮಾಡಿ ಬರಿಯ ದನಿಯನ್ನು ಕಣ್ಣು ಮಂಜಾದ ಒಬ್ಬ ಹಿರಿಯರಿಗೆ ಕೇಳಿಸಬೇಕು. ಇಬ್ಬರಿಗೂ ಮೂರೇ ಪ್ರಶ್ನೆ: ಎಲ್ಲಿಯ ಮನೆಯ ಮದುವೆ? ಯಾವತ್ತು? ಎಷ್ಟು ಹೊತ್ತಿಗೆ? ಎರಡರಲ್ಲಿ ಒಂದು ಕಡೆ ಉತ್ತರ ತಡವರಿಸಿದರೂ ಆ ಭಾಗವನ್ನು ತಿರುಗಿ ಬರೆಯಬೇಕು. ಕಥೆಗೆ ನಕ್ಕರೇ ಎಂದು ಕೇಳುವುದು ಬೇಡ. ಅದು ಕೇಳದೆಯೇ ತಿಳಿಯುತ್ತದೆ.

ಈ ಪರೀಕ್ಷೆ ಮುಗಿಯುವವರೆಗೆ ಚಿತ್ರ ಮನೆಯ ಹೊರಗೆ ಹೋಗಬಾರದು. ಅಚ್ಚಿನ ಪತ್ರಿಕೆಯಲ್ಲಿ ತಪ್ಪಿದ್ದರೆ ಹಂಚುವ ಮುನ್ನ ಲೇಖನಿಯಿಂದ ತಿದ್ದಬಹುದಿತ್ತು. ಈ ಓಲೆ ಒಮ್ಮೆ ಹಾರಿತೆಂದರೆ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. ತಿದ್ದಿದ ಎರಡನೆಯ ಪ್ರತಿ ಕಳಿಸಿದರೂ ಮೊದಲಿನದು ಸಾಯುವುದಿಲ್ಲ. ಎರಡೂ ಜೊತೆಜೊತೆಯಾಗಿ ತಿರುಗುತ್ತವೆ. ಹಾಗೇನಾದರೂ ಮುಹೂರ್ತವೇ ಬದಲಾದರೆ ಹಳೆಯ ಚಿತ್ರವನ್ನು ತುಸು ತಿದ್ದಿ ಕಳಿಸಬಾರದು; ಮೊದಲ ನೋಟದ ಬಣ್ಣವನ್ನೇ ಬದಲಿಸಿ, “ಬದಲಾದ ದಿನ” ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಹತ್ತಿರದವರಿಗೆ ಬಾಯಿಂದಲೇ ತಿಳಿಸಬೇಕು.

ಬಾಯಿಂದ ತಿಳಿಸುವ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡಬಹುದು. ರಬಕವಿಯ ಹಿರಿಯರಲ್ಲಿ ಎಷ್ಟೋ ಜನರಿಗೆ ಚಿತ್ರ ಬಂದರೆ ಸುದ್ದಿ ಬಂದಂತೆ, ಕರೆ ಬಂದಂತಲ್ಲ. ಅವರ ಮನೆಗೆ ಅಕ್ಷತೆ ಹಿಡಿದು ಯಾರಾದರೂ ಹೋಗಲೇಬೇಕು. ಚಿತ್ರವು ನೂರು ಮನೆಯ ತಿರುಗಾಟವನ್ನು ಹತ್ತು ಮನೆಗೆ ಇಳಿಸೀತು. ಆ ಹತ್ತು ಮನೆ ಯಾವುವೆಂಬ ಪಟ್ಟಿಯನ್ನು ಮಾತ್ರ ಅಜ್ಜಿಯನ್ನು ಕೇಳಿಯೇ ಬರೆದುಕೊಳ್ಳಬೇಕು.